ಭೈರವಿ ಠುಮ್ರಿಯಲ್ಲಿ ಶುದ್ಧ ರಿಷಭ ಹಚ್ಚಿದ್ದಕ್ಕೆ ಅಂಕ ಹೋಯ್ತು. ನನ್ನ ತಪ್ಪೆಲ್ಲಿ?

ಶಾಲ್ಮಲಾ ತೀರ

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಒಂಬತ್ತು ವರ್ಷದಿಂದ ಖ್ಯಾಲ್ ಕಲಿಯುತ್ತಿದ್ದೇನೆ. ಠುಮ್ರಿ ಶುರು ಮಾಡಿ ಒಂದೂವರೆ ವರ್ಷ ಆಗಿದೆ, ಅಷ್ಟೇ.

ಹೋದ ಭಾನುವಾರ ಒಂದು ಸ್ಪರ್ಧೆಗೆ ಹೋಗಿದ್ದೆ. ಒಬ್ಬೊಬ್ಬರಿಗೆ ಏಳು ನಿಮಿಷ. 'ಬಾಬುಲ್ ಮೋರಾ ನೈಹರ್ ಛೂಟೋ ಹಿ ಜಾಯ್' ಹಾಡಿದೆ, ದೀಪಚಂದಿ ತಾಳದಲ್ಲಿ. ಭೈರವಿ ಅಂದರೆ ರಿ ಗ ಧ ನಿ ನಾಲ್ಕೂ ಕೋಮಲ. ಆದರೆ ಠುಮ್ರಿಯಲ್ಲಿ ಬೇರೆ ಸ್ವರಗಳೂ ಬರುತ್ತವೆ ಅಂತ ಕಲಿಸಿದ್ದರು. ಹಾಗಾಗಿ ಶುದ್ಧ ರಿಷಭ ಹಚ್ಚಿದೆ. ಸಭೆಯಲ್ಲಿ ಎರಡು ಮೂರು ಜನ 'ವಾಹ್' ಅಂದರು. ತೀರ್ಪುಗಾರರ ಹಾಳೆಯಲ್ಲಿ ಮಾತ್ರ ಬರೆದದ್ದು ಎರಡೇ ಪದ: 'ರಾಗಶುದ್ಧಿ ಇಲ್ಲ'. ಆ ಕಾಲಮ್ಮಿನಲ್ಲಿ ಹತ್ತಕ್ಕೆ ಮೂರು.

ಠುಮ್ರಿಯಲ್ಲಿ ರಾಗ ಬಿಟ್ಟು ಹೋಗಬಹುದೋ ಇಲ್ಲವೋ? ಹೋಗಬಹುದು ಅಂದರೆ ಎಷ್ಟು ದೂರ?

ಗದಗಿನ ಗಾಳಿ

ಠುಮ್ರಿಗೆ ರಾಗದ ನಿಯಮವೇ ಇಲ್ಲ ತಂಗಿ. ಅದಕ್ಕೇ ಅಲ್ವಾ ಅದನ್ನು ಲಘು ಶಾಸ್ತ್ರೀಯ ಅನ್ನೋದು. ಭೈರವಿಯಲ್ಲಿ ಹನ್ನೆರಡೂ ಸ್ವರ ಹಚ್ಚಬಹುದು. ನಿಮ್ಮ ತೀರ್ಪುಗಾರರಿಗೆ ಗೊತ್ತಿಲ್ಲ. ಬಿಡಿ.

ಬಸವನಗುಡಿ ಭಾಗವತ

ಒಂದು ನಿಮಿಷ. ಭೈರವಿಯಲ್ಲಿ ಇರೋದೇ ಚತುಶ್ರುತಿ ರಿಷಭ. ಅಂದರೆ ನಿಮ್ಮ ಶುದ್ಧ ರಿಷಭವೇ. ಅದನ್ನು ಹಾಡಿದ್ದಕ್ಕೆ ಅಂಕ ಕಳೆದರೆ ಅದು ಅನ್ಯಾಯ! ಮರುಪರಿಶೀಲನೆಗೆ ಅರ್ಜಿ ಕೊಡಿ.

ತಬಲಾ ಹುಬ್ಬಳ್ಳಿ

ಭಾಗವತರೇ, ನೀವು ಹೇಳ್ತಿರೋದು ಕರ್ನಾಟಕಿ ಭೈರವಿ. ಇವರು ಹಾಡಿದ್ದು ಹಿಂದೂಸ್ತಾನಿ. ಎರಡಕ್ಕೂ ಹೆಸರು ಬಿಟ್ಟರೆ ನಂಟಿಲ್ಲ. ಇದರ ಸ್ವರಗಳು ನಿಮ್ಮ ತೋಡಿಯ ಸ್ವರಗಳು.

ಬಸವನಗುಡಿ ಭಾಗವತ

ಅಯ್ಯೋ, ಹೌದಲ್ಲ! ಅರ್ಜಿ ವಾಪಸ್. 😀 ಆದರೂ ನಮ್ಮ ಸಿಂಧುಭೈರವಿಯಲ್ಲಿ ಎರಡೂ ರಿಷಭ ಸಲೀಸಾಗಿ ಓಡಾಡುತ್ತವೆ. ಅದು ನಿಮ್ಮ ಕಡೆಯಿಂದಲೇ ಬಂದದ್ದು. ಹಾಗಿರುವಾಗ ಠುಮ್ರಿಗೆ ಯಾಕೆ ಬೇಡ?

ಹಳೇ ತಾನಪುರಿ

ಶಾಲ್ಮಲಾ ಅವರೇ, 'ಹಚ್ಚಿದೆ' ಅಂದರೆ ಸಾಲದು. ಎರಡು ಪ್ರಶ್ನೆ ಕೇಳುತ್ತೇನೆ. ಯಾವ ಪದದ ಮೇಲೆ ಹಚ್ಚಿದಿರಿ? ಹಚ್ಚಿದ ಮೇಲೆ ಎಲ್ಲಿಗೆ ಬಂದಿರಿ? ಸಾಲು ಸಾಲಾಗಿ ನೆನಪಿದ್ದರೆ ಬರೆಯಿರಿ. ಧ್ವನಿಮುದ್ರಣ ಇದ್ದರೆ ಇನ್ನೂ ಒಳ್ಳೆಯದು.

ಶಾಲ್ಮಲಾ ತೀರ

ತಮ್ಮ ಫೋನಿನಲ್ಲಿ ರೆಕಾರ್ಡ್ ಮಾಡಿದ್ದ. ಈಗ ಮತ್ತೆ ಕೇಳಿದೆ. 'ಛೂಟೋ ಹಿ' ಆದ ಮೇಲೆ 'ಜಾಯ್' ಅನ್ನುವಾಗ ಶುದ್ಧ ರಿಷಭಕ್ಕೆ ಹೋಗಿ ನಿಂತಿದ್ದೇನೆ. ಹೆಚ್ಚುಕಮ್ಮಿ ಒಂದು ಆವರ್ತನ. ಅಲ್ಲೇ 'ವಾಹ್' ಬಂದದ್ದು. ಆಮೇಲೆ ನೇರವಾಗಿ ಮತ್ತೆ 'ಬಾಬುಲ್ ಮೋರಾ' ಅಂತ ಮುಖಡಾ ಎತ್ತಿಕೊಂಡೆ.

ಹಳೇ ತಾನಪುರಿ

ಹಾಗಾದರೆ ತೀರ್ಪುಗಾರರ ಕಿವಿ ಸರಿಯಾಗಿಯೇ ಇದೆ. ಬರೆದ ಪದ ಮಾತ್ರ ಒರಟು.

ನಾನು ನಲವತ್ತು ವರ್ಷದಿಂದ ಹಾಡುತ್ತಾ, ಕಲಿಸುತ್ತಾ ಇದ್ದೇನೆ. ಶುದ್ಧ ರಿಷಭ ಭೈರವಿ ಠುಮ್ರಿಗೆ ಹೊರಗಿನವಳಲ್ಲ, ಬೀಗರ ಮನೆಯವಳು. ಬರುತ್ತಾಳೆ, ಹೋಗುತ್ತಾಳೆ. ನೀವು ಅವಳನ್ನು ನಡುಮನೆಯಲ್ಲಿ ಕೂರಿಸಿಬಿಟ್ಟಿರಿ. ಗ ಧ ನಿ ಕೋಮಲ ಇಟ್ಟುಕೊಂಡು ಶುದ್ಧ ರಿಷಭದ ಮೇಲೆ ಒಂದು ಆವರ್ತನ ನಿಂತರೆ ಕೇಳುವವರಿಗೆ ಅದು ಭೈರವಿ ಅಲ್ಲ, ಆಸಾವರಿ ಥಾಟ್. ಜೌನ್‌ಪುರಿಯ ಕಡೆ ಮುಖ ಮಾಡಿದ ಹಾಗೆ. ಅದೂ ಎಲ್ಲಿ? ಸಾಲು ಮುಗಿಯುವ ಪದದ ಮೇಲೆ. ಸಾಲು ಎಲ್ಲಿ ಮುಗಿಯುತ್ತದೋ ಅಲ್ಲಿ ಕೇಳುಗ ತನ್ನ ಷಡ್ಜ ಹುಡುಕುತ್ತಾನೆ. ಅವನಿಗೆ ಅದು ಸಿಗಲಿಲ್ಲ.

ಇನ್ನು ಪದಕ್ಕೆ ಬನ್ನಿ. ಸ್ವರ ಎಲ್ಲ ಬಿಟ್ಟು ಸಾಲನ್ನು ಸುಮ್ನೆ ಮಾತಿನ ಹಾಗೆ ಹೇಳಿ ನೋಡಿ. 'ಅಪ್ಪಾ, ನನ್ನ ತವರು ತಪ್ಪಿಯೇ ಹೋಗ್ತಿದೆ.' ಆ 'ಹಿ' ಇದೆಯಲ್ಲ, ಅದೇ ನಮ್ಮ 'ಯೇ'. ಇಡೀ ಸಾಲಿನ ಅಸಹಾಯಕತೆ ಆ ಒಂದು ಅಕ್ಷರದಲ್ಲಿದೆ. ಅದಾದ ಮೇಲೆ ಬರುವ 'ಜಾಯ್' ಇಳಿಯುವ ಪದ. ಹೋಯ್ತು, ಮುಗೀತು. ಆ ಪದದ ಮೇಲೆ ಬೆಳಕು ಚೆಲ್ಲುವ ಶುದ್ಧ ರಿಷಭ ಇಟ್ಟರೆ ಮದುಮಗಳು ಪಲ್ಲಕ್ಕಿಯಿಂದ ಇಳಿದು ಓಡಿಬಂದ ಹಾಗಾಗುತ್ತದೆ.

ನಾನು ಮಾಡುವುದು ಹೀಗೆ. ಶುದ್ಧ ರಿಷಭ 'ನೈಹರ್' ಮೇಲೆ. ತವರು ಅಂದ ಕೂಡಲೇ ಅಂಗಳ, ತಾಯಿ, ತಮ್ಮ ಎಲ್ಲ ಕಣ್ಣಿಗೆ ಬರುತ್ತಾರೆ. ಮುಖ ಒಂದು ಕ್ಷಣ ಅರಳುತ್ತದೆ. ಅಲ್ಲಿ ಸ, ಶುದ್ಧ ರಿ, ಕೋಮಲ ಗ ಅಂತ ಏರಿ. ರಿಷಭದ ಮೇಲೆ ನಿಲ್ಲಬೇಡಿ, ದಾಟಿ ಗಂಧಾರಕ್ಕೆ ಹೋಗಿ. 'ಛೂಟೋ ಹಿ' ಬಂದಾಗ ಗ, ಕೋಮಲ ರಿ, ಸ ಅಂತ ಇಳಿಯಿರಿ. ಒಂದೇ ಸಾಲಿನಲ್ಲಿ ಏರುವಾಗ ಒಂದು ರಿಷಭ, ಇಳಿಯುವಾಗ ಇನ್ನೊಂದು. ನೆನಪು ಶುದ್ಧ, ಅಗಲಿಕೆ ಕೋಮಲ. ಆಗ ಯಾರೂ ರಾಗ ಕೆಟ್ಟಿತು ಅನ್ನುವುದಿಲ್ಲ. ಸ್ವರ ಬದಲಾದದ್ದೇ ಎಷ್ಟೋ ಜನಕ್ಕೆ ಗೊತ್ತಾಗುವುದಿಲ್ಲ.

ಗದಗಿನ ಗಾಳಿ

ಇದು ನಿಮ್ಮ ಅಭಿರುಚಿ ಸರ್, ನಿಯಮ ಅಲ್ಲ.

ಹಳೇ ತಾನಪುರಿ

ಒಪ್ಪಿದೆ. 'ನೈಹರ್' ಮೇಲೆಯೇ ಹಚ್ಚಬೇಕು ಅನ್ನುವುದು ನನ್ನ ಆಯ್ಕೆ. ದಾಟಿ ಹೋಗಬೇಕು, ಸಾಲಿನ ಕೊನೆಯಲ್ಲಿ ನಿಲ್ಲಬಾರದು ಅನ್ನುವುದು ನನ್ನೊಬ್ಬನ ಅಭಿರುಚಿ ಅಲ್ಲ.

ಕುಂದಾಪ್ರದ ಮಾಣಿ

ನಾನು ಇಷ್ಟು ವರ್ಷ ಬಾಬುಲ್ ಅಂದರೆ ಜಾಲಿಮರ ಅಂದುಕೊಂಡಿದ್ದೆ ಮಾರಾಯ್ರೆ. ಟೂತ್‌ಪೇಸ್ಟ್ ಡಬ್ಬಿ ಮೇಲೆ ಇತ್ತಲ್ಲ. 'ಜಾಲಿಮರವೇ, ನನ್ನ ತವರು ತಪ್ಪಿತು' ಅಂತ ಮರದ ಹತ್ತಿರ ಅಳುತ್ತಾಳೆ ಅಂತ ಭಾವಿಸಿ ನಾನೂ ಅತ್ತದ್ದುಂಟು.

ಹಳೇ ತಾನಪುರಿ

ನಗಬೇಡಿ, ಇದು ಹಾಡುವವರಿಗೂ ಬರುವ ತೊಂದರೆ. ಮರ ಬಬೂಲ್, ಅಲ್ಲಿ 'ಬೂ' ದೀರ್ಘ. ಅಪ್ಪ ಬಾಬುಲ್, ಇಲ್ಲಿ 'ಬಾ' ದೀರ್ಘ, 'ಬು' ಹ್ರಸ್ವ. ನಮ್ಮ ಕಡೆ ಹಾಡುವವರು ಆಲಾಪದ ಭರದಲ್ಲಿ 'ಬಾಬೂ...ಲ' ಅಂತ ಎಳೆಯುತ್ತಾರೆ. ಎಳೆಯುವುದಾದರೆ 'ಬಾ' ಎಳೆಯಿರಿ. ಹಾಗೆಯೇ 'ನೈ' ಆದ ಮೇಲೆ ಉಸಿರು ತಗೊಂಡು 'ಹರ್' ಅಂದರೆ ಪದ ಸತ್ತಿತು. ಖ್ಯಾಲ್‌ನಲ್ಲಿ ಇಂಥದ್ದು ಎಷ್ಟೋ ಸಲ ದಾಟಿಹೋಗುತ್ತದೆ. ಠುಮ್ರಿಯಲ್ಲಿ ದಾಟುವುದಿಲ್ಲ. ಇಲ್ಲಿ ಪದವೇ ಬಂಡವಾಳ.

ಮೈಸೂರು ಮಲ್ಲಿಗೆ ದಂಡೆ

ಅವಧದ ನವಾಬ ವಾಜಿದ್ ಅಲಿ ಶಾ ಇದನ್ನು ಬರೆದದ್ದು 1856ರಲ್ಲಿ ಬ್ರಿಟಿಷರು ಲಖನೌದಿಂದ ಹೊರಗೆ ಹಾಕಿದಾಗ. ಅಂದರೆ ತವರು ಅಂದರೆ ಲಖನೌ. ಮದುವೆ ಹಾಡೇ ಅಲ್ಲ ಇದು.

ಬೆಳಗಾವಿ ಕಾಕಾ

ಅವನೇ ಬರೆದ ಅನ್ನೋದು ಪರಂಪರೆಯ ಮಾತು. ಅವನು ಕಲ್ಕತ್ತೆಯ ಮಟಿಯಾಬುರ್ಜ್‌ಗೆ ಹೋದದ್ದು ಇತಿಹಾಸ. ಹೊರಡುವ ದಿನವೇ ಬರೆದ ಅಂತೆಲ್ಲ ಹೇಳೋದು ಜನ ಕಟ್ಟಿದ ಕತೆ ಇರಬಹುದು. ಮದುವೆ ಹಾಡು ಅಲ್ಲ ಅಂತ ಯಾಕೆ ಅನ್ನಬೇಕು? ಹಾಡಿನಲ್ಲೇ ಮುಂದೆ ನಾಲ್ಕು ಜನ ಕಹಾರರು, ಅಂದರೆ ಪಲ್ಲಕ್ಕಿ ಹೊರುವವರು, ಡೋಲಿ ಎತ್ತುತ್ತಾರೆ. ಮದುಮಗಳ ಪಲ್ಲಕ್ಕಿಗೂ ನಾಲ್ಕು ಹೆಗಲು, ಚಟ್ಟಕ್ಕೂ ನಾಲ್ಕು ಹೆಗಲು. ಮೂರೂ ಅರ್ಥ ಒಟ್ಟಿಗೆ ನಿಂತಿದ್ದಕ್ಕೇ ಈ ಸಾಲು ಇಷ್ಟು ಕಾಲ ಬಾಳಿದ್ದು. ಹಾಡುವವರು ಒಂದು ಸಲ ಮದುಮಗಳಾಗಿ, ಒಂದು ಸಲ ನವಾಬನಾಗಿ, ಕೊನೆಗೆ ಸಾಯುವವನಾಗಿ ಅದೇ ಸಾಲು ಹೇಳಬಹುದು. ನಮ್ಮೂರಲ್ಲಿ 1925ರಲ್ಲಿ ಹುಟ್ಟಿದ ಶೋಭಾ ಗುರ್ಟು ಅವರ ಠುಮ್ರಿ ಕೇಳಿ. ತಾಯಿ ಮೇನಕಾಬಾಯಿ ಶಿರೋಡಕರ್ ನರ್ತಕಿ. ಮಗಳ ದನಿಯಲ್ಲೇ ಹುಬ್ಬು, ಕಣ್ಣು, ಕೈ ಎಲ್ಲ ಕಾಣುತ್ತಿತ್ತು.

ಮೈಸೂರು ಮಲ್ಲಿಗೆ ದಂಡೆ

ಊರಿನ ಮಾತು ಬಂತಲ್ಲ, ನಮ್ಮದೂ ಇರಲಿ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಕೊನೆಗೆ ಬಂದದ್ದು ನಾಲ್ವಡಿಯವರ ಆಸ್ಥಾನಕ್ಕೆ. 1930ರಲ್ಲಿ ತೀರಿಕೊಂಡದ್ದು ಮೈಸೂರಲ್ಲೇ.

ತಬಲಾ ಹುಬ್ಬಳ್ಳಿ

ಎಲ್ಲರೂ ರಿಷಭ ಹಿಡಿದುಕೊಂಡು ಕೂತಿದ್ದೀರಿ. ಏಳು ನಿಮಿಷದಲ್ಲಿ ದೀಪಚಂದಿ ಠುಮ್ರಿ ಹಾಡಿಸೋದೇ ಮೊದಲ ತಪ್ಪು. ಹದಿನಾಲ್ಕು ಮಾತ್ರೆ, ವಿಳಂಬದಲ್ಲಿ. ಧಾ ಧಿಂ - ಧಾ ಧಾ ತಿಂ -, ಆಮೇಲೆ ತಾ ತಿಂ - ಧಾ ಧಾ ಧಿಂ -. ಆ ಖಾಲಿ ಜಾಗ ಇವೆಯಲ್ಲ, ಅವು ಇರೋದೇ ಹಾಡುವವರು ಪದವನ್ನು ತೂಗಿ ಇಡಲಿ ಅಂತ. ಒಂದೇ ಸಾಲನ್ನು ಹತ್ತು ಥರ ಹೇಳೋಕೆ ಹದಿನೈದು ಇಪ್ಪತ್ತು ನಿಮಿಷ ಬೇಕು.

ಸ್ಪರ್ಧೆಯಲ್ಲಿ ಏನಾಗುತ್ತೆ ಗೊತ್ತಾ? ನಾಲ್ಕನೇ ನಿಮಿಷಕ್ಕೆ ಹಾಡುವವರು ನನ್ನ ಕಡೆ ನೋಡ್ತಾರೆ. ಲಗ್ಗಿ ಶುರು ಮಾಡಿ ಅಂತ. ನಾನು ದೀಪಚಂದಿ ಬಿಟ್ಟು ಜೋರು ಕೆಹರ್ವಾ ಚಾಲಿಗೆ ಇಳೀತೀನಿ. ಅವರು ಮುಖಡಾ ಹಿಡ್ಕೊಂಡು ಸುಮ್ನೆ ತಿರುಗಿಸಬೇಕು, ಆ ಹೊತ್ತು ನಮ್ಮದು. ಆದರೆ ಭಾವ ಇನ್ನೂ ಹಣ್ಣಾಗಿರಲ್ಲ. ಅಳೋ ಮದುಮಗಳ ಹಿಂದೆ ಬ್ಯಾಂಡ್ ಸೆಟ್ ಬಂದ ಹಾಗೆ. ಹಳಬರ ಜೊತೆ ನುಡಿಸುವಾಗ ಒಂದು ಗುರುತು ಕಲಿತೆ. ಅವರು ಅಂತರಾ ಮುಗಿಸಿ ಮುಖಡಾವನ್ನು ಎರಡು ಸಲ ಏನೂ ಬದಲಾಯಿಸದೆ ಹೇಳಿದರೆ 'ನನ್ನ ಮಾತು ಮುಗೀತು, ಇನ್ನು ನೀನು' ಅಂತ ಅರ್ಥ. ಅಲ್ಲಿವರೆಗೆ ಕೈ ಕಟ್ಟಿಕೊಂಡು ಠೇಕಾ ನುಡಿಸಬೇಕು.

ಗದಗಿನ ಗಾಳಿ

ಹದಿನೈದು ನಿಮಿಷ ಬೇಕೇ ಬೇಕಾ? ಅಬ್ದುಲ್ ಕರೀಂ ಖಾನ್ ಸಾಹೇಬರ 'ಪಿಯಾ ಬಿನ್ ನಾಹಿ ಆವತ್ ಚೈನ್' ತಟ್ಟೆಯ ಒಂದೇ ಬದಿ. ಮೂರು ಚಿಲ್ಲರೆ ನಿಮಿಷ. ಭೈರವಿಯದ್ದೇ. ನಮ್ಮ ಗದಗಿನಲ್ಲಿ ಆ ತಟ್ಟೆ ಕೇಳಿಯೇ ಭೀಮಸೇನ ಜೋಶಿಯವರು ಹುಡುಗನಾಗಿದ್ದಾಗ ಮನೆ ಬಿಟ್ಟದ್ದು. ಮೂರು ನಿಮಿಷ ಒಬ್ಬನ ಜೀವನ ತಿರುಗಿಸಿತು ಅಂದಮೇಲೆ ಏಳು ನಿಮಿಷ ಸಾಲಲ್ಲ ಅನ್ನೋದು ನೆವ.

ಬೆಳಗಾವಿ ಕಾಕಾ

ಪಿಯಾ ಬಿನ್ ಝಿಂಝೋಟಿ ಕಣಪ್ಪಾ. ಭೈರವಿಯಲ್ಲಿ ಅವರು ಹಾಡಿದ್ದು 'ಜಮುನಾ ಕೆ ತೀರ್'.

ಗದಗಿನ ಗಾಳಿ

ಸರಿ ಕಾಕಾ, ಝಿಂಝೋಟಿ. ನಿಮಿಷ ಮಾತ್ರ ಮೂರೇ.

ಹಳೇ ತಾನಪುರಿ

ಗಾಳಿಯವರ ಮಾತಲ್ಲಿ ಹುರುಳಿದೆ. ಆದರೆ ಖಾನ್ ಸಾಹೇಬರು ಆ ಮೂರು ನಿಮಿಷದಲ್ಲಿ ಏನು ಬಿಟ್ಟರು ಅಂತಲೂ ಕೇಳಿಸಿಕೊಳ್ಳಿ. ಲಗ್ಗಿಯ ಗದ್ದಲ ಇಲ್ಲ. ಊರೆಲ್ಲ ಸುತ್ತುವುದಿಲ್ಲ. 'ಪಿಯಾ ಬಿನ್' ಅನ್ನುವ ಎರಡು ಪದದ ಸುತ್ತಲೇ ಇರುತ್ತಾರೆ. ಏಳು ನಿಮಿಷ ಸಿಕ್ಕವರು ಇಪ್ಪತ್ತು ನಿಮಿಷದ ಠುಮ್ರಿಯನ್ನು ಮಡಚಿ ತುರುಕುತ್ತಾರೆ. ಸ್ಥಾಯಿ, ಅಂತರಾ, ಲಗ್ಗಿ, ನಾಲ್ಕು ಹೊರಗಿನ ಸ್ವರ, ಎರಡು ತಾನು. ಹಾಗಾದಾಗ ಶುದ್ಧ ರಿಷಭ ಅಲಂಕಾರದ ಸಾಮಾನಾಗುತ್ತದೆ. ಪದ ಕೇಳಿದ್ದಕ್ಕೆ ಬಂದ ಸ್ವರ ಆಗುವುದಿಲ್ಲ.

ಸಿಯಾಟಲ್ ಸುಮಾ

ನನ್ನದೊಂದು ಬೇರೆ ಅನುಮಾನ. ಇಲ್ಲಿ ಆನ್‌ಲೈನ್‌ನಲ್ಲಿ ಕಲೀತಿದ್ದೀನಿ. ಖಮಾಜ್ ಠುಮ್ರಿ ಹಾಡುವಾಗ ನಮ್ಮ ಟೀಚರ್ ಇದ್ದಕ್ಕಿದ್ದಂತೆ ಕಾಫಿಗೆ ಹೋಗ್ತಾರೆ. ಆದರೆ ಹಾರ್ಮೋನಿಯಂ ಮೇಲೆ ನೋಡಿದರೆ ಒಂದು ಸ್ವರವೂ ಬದಲಾಗಿರಲ್ಲ! ಇದು ಹೇಗೆ?

ಬಸವನಗುಡಿ ಭಾಗವತ

ಇದು ನಮಗೆ ಗೊತ್ತಿರೋ ವಿಷಯ. ಗ್ರಹಭೇದ. ಷಡ್ಜ ಸರಿಸೋದು. ಸುಮಾ ಅವರೇ, ಹಾರ್ಮೋನಿಯಂನಲ್ಲಿ ಖಮಾಜಿನ ಸ್ವರಗಳನ್ನೇ ಇಟ್ಟುಕೊಳ್ಳಿ, ನಿಷಾದ ಕೋಮಲ. ಈಗ ಪಂಚಮದಿಂದ ಶುರು ಮಾಡಿ ಮೇಲಿನ ಪಂಚಮದವರೆಗೆ ನುಡಿಸಿ. ಪಂಚಮವೇ ಸ ಅಂತ ಕಿವಿಗೆ ಹೇಳಿ. ಕೋಮಲ ನಿಷಾದ ಹೋಗಿ ಕೋಮಲ ಗಂಧಾರ ಆಗುತ್ತೆ, ಮಧ್ಯಮ ಹೋಗಿ ಕೋಮಲ ನಿಷಾದ ಆಗುತ್ತೆ. ಪೂರ್ತಿ ಕಾಫಿ.

ಸಿಯಾಟಲ್ ಸುಮಾ

ನುಡಿಸಿದೆ. ಮೈ ಝುಂ ಅಂತು! ಆದರೆ ತಂಬೂರಿ ಆ್ಯಪ್ ಹಾಕಿಕೊಂಡರೆ ಆ ಕಾಫಿ ಅಷ್ಟು ಗಟ್ಟಿಯಾಗಿ ನಿಲ್ಲಲ್ಲ.

ಹಳೇ ತಾನಪುರಿ

ನಿಲ್ಲಬಾರದು. ತಂಬೂರಿ 'ನಿನ್ನ ಮನೆ ಇಲ್ಲಿದೆ' ಅಂತ ಎಳೆಯುತ್ತಲೇ ಇರುತ್ತದೆ. ಈ ಎಳೆದಾಟವೇ ಸುಖ. ಬಡೇ ಗುಲಾಮ್ ಅಲಿ ಖಾನ್ ಸಾಹೇಬರ ಪಂಜಾಬಿ ಢಂಗಿನ ಠುಮ್ರಿಗಳಲ್ಲಿ ಇಂಥ ಜಿಗಿತಗಳು ಮಿಂಚಿನ ಹಾಗೆ. ಬನಾರಸಿನವರದು ನಿಧಾನ. ಸಿದ್ಧೇಶ್ವರಿ ದೇವಿ, ಗಿರಿಜಾ ದೇವಿ ಕೇಳಿ. ಅಲ್ಲಿ ಪದವನ್ನು ಬಿಡಿಸುವುದು ಹೆಚ್ಚು, ಜಿಗಿಯುವುದು ಕಡಿಮೆ.

ಬಸವನಗುಡಿ ಭಾಗವತ

ಒಟ್ಟಿನಲ್ಲಿ ಠುಮ್ರಿ ಅಂದರೆ ನಮ್ಮ ಜಾವಳಿ ಅನ್ನಬಹುದಾ?

ಬೆಳಗಾವಿ ಕಾಕಾ

ವಿಷಯ ಜಾವಳಿಯದ್ದೇ. ನಡಿಗೆ ಜಾವಳಿಯದ್ದಲ್ಲ. ಜಾವಳಿ ಚುರುಕು. ಒಂದು ಸಾಲನ್ನು ಹಿಡಿದು ಕೂತು ಹತ್ತು ಭಾವದಲ್ಲಿ ಹೇಳುವುದಕ್ಕೆ ನಿಮ್ಮಲ್ಲಿ ಕ್ಷೇತ್ರಯ್ಯನ ಪದಗಳಿವೆಯಲ್ಲ, ಅವು ಹತ್ತಿರ. ಅವಕ್ಕೂ ಅಭಿನಯ ಬೇಕು, ಇದಕ್ಕೂ ಕಥಕ್ ನಂಟು. ಬಿಂದಾದೀನ್ ಮಹಾರಾಜ್ ಠುಮ್ರಿ ಕಟ್ಟಿದವರೂ ಹೌದು, ಕುಣಿದವರೂ ಹೌದು.

ಕುಂದಾಪ್ರದ ಮಾಣಿ

ಪದ ಬದಲಾದರೆ ಭಾವ ಬದಲಾಗುತ್ತಾ? ಒಂದೇ ಠುಮ್ರಿಯನ್ನು ಬೇರೆ ಬೇರೆ ಪದ ಹಾಕಿ ಹಾಡಿದ್ದು ಕೇಳಿದ್ದೇನೆ.

ಮೈಸೂರು ಮಲ್ಲಿಗೆ ದಂಡೆ

ರಸೂಲನ್ ಬಾಯಿಯವರ ಭೈರವಿ ಠುಮ್ರಿಯೇ ಉದಾಹರಣೆ. ಎಲ್ಲರಿಗೂ ಗೊತ್ತಿರೋದು 'ಲಾಗತ್ ಕರೇಜ್ವಾ ಮೆ ಚೋಟ್'. ಹೂಚೆಂಡು ಎಸೆಯಬೇಡ, ಎದೆಗುಂಡಿಗೆಗೆ ಪೆಟ್ಟಾಗುತ್ತದೆ ಅಂತ. 1935ರಲ್ಲಿ ಅವರೇ ಹಾಡಿದ ತಟ್ಟೆಯಲ್ಲಿ 'ಕರೇಜ್ವಾ' ಜಾಗದಲ್ಲಿ 'ಜೋಬನ್ವಾ' ಇತ್ತು. ಸಬಾ ದಿವಾನ್ ಅದನ್ನು ಹುಡುಕಿಕೊಂಡು ಹೋಗಿ ಒಂದು ಸಾಕ್ಷ್ಯಚಿತ್ರವನ್ನೇ ಮಾಡಿದರು. ಮೊದಲಿನದು ಮೈಯ ಮಾತು, ತುಂಟತನ ಇದೆ. ಆಮೇಲಿನದು ಮನಸ್ಸಿನ ನೋವು. ಎಸೆದದ್ದು ಅದೇ ಹೂವು, ಬಿದ್ದ ಜಾಗ ಬೇರೆ.

ಗದಗಿನ ಗಾಳಿ

ಹಳೇದು ಸ್ವಲ್ಪ ಅತಿಯಾಯ್ತು. ಬದಲಾಯಿಸಿದ್ದೇ ಒಳ್ಳೇದು.

ಮೈಸೂರು ಮಲ್ಲಿಗೆ ದಂಡೆ

ಅತಿ ಅಂದವರು ಯಾರು, ಹಾಡಿದವಳಾ? ಹಾಡುವ ಹೆಂಗಸರನ್ನು ಮರ್ಯಾದಸ್ಥರ ಸಾಲಿಗೆ ಸೇರಿಸೋಕೆ ಅವರ ಬಾಯಿಂದ ಎಷ್ಟು ಪದ ಕಿತ್ತುಕೊಂಡಿದ್ದೇವೆ ಅಂತ ಯೋಚಿಸಿ.

ತಬಲಾ ಹುಬ್ಬಳ್ಳಿ

ಜಗಳ ಬೇಡ. ಶಾಲ್ಮಲಾ, ಸ್ಪರ್ಧೆಯ ಫಾರ್ಮಿನಲ್ಲಿ ರಾಗ ಅಂತ ಏನು ಬರೆದಿದ್ದಿರಿ?

ಶಾಲ್ಮಲಾ ತೀರ

'ಭೈರವಿ' ಅಂತಲೇ.

ತಬಲಾ ಹುಬ್ಬಳ್ಳಿ

ಅಲ್ಲೇ ಸಿಕ್ಕಿಬಿದ್ದಿರಿ. 'ಮಿಶ್ರ ಭೈರವಿ' ಅಂತ ಬರೆಯಬೇಕಿತ್ತು. ಆಗ ಯಾರೂ ಕೇಳುತ್ತಿರಲಿಲ್ಲ.

ಹಳೇ ತಾನಪುರಿ

ಇದನ್ನು ಒಪ್ಪಲ್ಲ. 'ಮಿಶ್ರ' ಅಂತ ಬರೆದರೆ ನಿಂತ ರಿಷಭ ಸರಿಯಾಗಿಬಿಡುತ್ತದಾ? ಹೆಚ್ಚಿನವರು ಭೈರವಿ ಅಂತಲೇ ಬರೆದು ಎರಡೂ ರಿಷಭ ಹಾಡುತ್ತಾರೆ.

ತಬಲಾ ಹುಬ್ಬಳ್ಳಿ

ಕಿವಿಗೆ ಸರಿ ಆಗಲ್ಲ ಸರ್, ಕಾಗದಕ್ಕೆ ಆಗುತ್ತೆ. ಸ್ಪರ್ಧೆ ನಡೆಯೋದು ಕಾಗದದ ಮೇಲೆ.

ಶಾಲ್ಮಲಾ ತೀರ

😀 ಇಬ್ಬರದ್ದೂ ಗಮನದಲ್ಲಿ ಇಟ್ಟುಕೊಳ್ತೇನೆ. ತಾನಪುರಿ ಸರ್, ಸ್ವರ ಜಾಸ್ತಿ ದೂರ ಹೋಯ್ತು ಅಂತ ಹಾಡುವಾಗಲೇ ಗೊತ್ತಾಗೋದು ಹೇಗೆ? ಆಮೇಲೆ ಕೇಳಿದರೆ ಗೊತ್ತಾಗುತ್ತೆ, ಆಗ ಅಲ್ಲ.

ಹಳೇ ತಾನಪುರಿ

ಮುಖಡಾವೇ ಹೇಳುತ್ತದೆ. ಸುತ್ತಿ ಬಂದ ಮೇಲೆ 'ಬಾಬುಲ್ ಮೋರಾ' ಎತ್ತಿದಾಗ ಅದು ಹಿಂದಿನ ಮಾತಿಗೆ ಉತ್ತರದ ಹಾಗೆ ಬರಬೇಕು. ಬೇರೆ ಹಾಡು ಶುರುವಾದ ಹಾಗೆ ಕೇಳಿದರೆ ದೂರ ಹೋಗಿದ್ದೀರಿ. ಮನೆಯಲ್ಲಿ ಅಭ್ಯಾಸ ಮಾಡುವಾಗ ಹೊರಗಿನ ಸ್ವರ ಹಚ್ಚಿದ ಕೂಡಲೇ ಆ ಜಾಗದಿಂದಲೇ ಮುಖಡಾ ಎತ್ತಿ ನೋಡಿ. ಎತ್ತೋಕೆ ಗಂಟಲು ತಡವರಿಸಿದರೆ ಆ ದಾರಿ ಬೇಡ. ನಿಮ್ಮ ರೆಕಾರ್ಡಿಂಗ್‌ನಲ್ಲೂ ಹಾಗೇ ಆಗಿರಬೇಕು.

ಶಾಲ್ಮಲಾ ತೀರ

ಹೌದು ಸರ್. ಮುಖಡಾದ 'ಬಾ' ಹಿಡಿಯೋಕೆ ಮೊದಲು ಒಂದು ಸಣ್ಣ ತಡೆ ಇದೆ. ಉಸಿರಿಗೆ ಆಗಿದ್ದು ಅಂದುಕೊಂಡಿದ್ದೆ.

ಬೆಳಗಾವಿ ಕಾಕಾ

ಅಂತರಾದಲ್ಲಿ ಏನು ಹಾಡಿದೆ ತಂಗಿ? 'ಅಂಗನಾ ತೋ ಪರ್ಬತ್ ಭಯೋ, ದೇಹರೀ ಭಯೀ ಬಿದೇಶ್' ಅಂತಲೋ, ತಿರುಗಾ ಮುರುಗಾನೋ?

ಶಾಲ್ಮಲಾ ತೀರ

ಅಂಗಳ ಪರ್ವತ, ಹೊಸ್ತಿಲು ಪರದೇಶ. ಸೈಗಲ್ ಹಾಡಿದ ಹಾಗೆ.

ಬೆಳಗಾವಿ ಕಾಕಾ

1938ರ 'ಸ್ಟ್ರೀಟ್ ಸಿಂಗರ್' ಸಿನಿಮಾದ್ದು. ಆ ಸಿನಿಮಾದಿಂದಲೇ ದೇಶಕ್ಕೆಲ್ಲ ಹಾಗೆ ರೂಢಿಯಾಯ್ತು ಅಂತ ನನಗನ್ನಿಸೋದು. ಯೋಚನೆ ಮಾಡು. ದಾಟೋಕೆ ಆಗದ್ದು ಹೊಸ್ತಿಲು. ಅದು ಪರ್ವತ ಆಗಬೇಕು. ದಾಟಿದ ಮೇಲೆ ಆಡಿ ಬೆಳೆದ ಅಂಗಳವೇ ಪರದೇಶ. ತಿರುಗಿಸಿ ಹಾಡಿದವರನ್ನೂ ಕೇಳಿದ್ದೇನೆ. ಅದೇ ಸರಿ.

ಮೈಸೂರು ಮಲ್ಲಿಗೆ ದಂಡೆ

ನನಗೆ ಸೈಗಲ್ ಪಾಠವೇ ಸರಿ ಅನ್ನಿಸುತ್ತೆ ಕಾಕಾ. ಹೊರಡುವಾಗ ಕಾಲು ಏಳಲ್ಲ. ನಾಲ್ಕು ಹೆಜ್ಜೆಯ ಅಂಗಳ ದಾಟೋದೇ ಬೆಟ್ಟ ಹತ್ತಿದ ಹಾಗೆ. ಹೊಸ್ತಿಲ ಆಚೆಗೆ ಪರದೇಶ.

ಬೆಳಗಾವಿ ಕಾಕಾ

ಹೊಸ್ತಿಲು ಅಂಗಳಕ್ಕಿಂತ ಮೊದಲು ಬರುತ್ತೋ ಆಮೇಲೆ ಬರುತ್ತೋ, ಮೊದಲು ಅದು ಹೇಳು!

ಮೈಸೂರು ಮಲ್ಲಿಗೆ ದಂಡೆ

ಅದು ಯಾರ ಮನೆ ಅನ್ನೋದರ ಮೇಲೆ. ಆ ಕಡೆಯ ಹಳೇ ಮನೆಗಳಲ್ಲಿ ಅಂಗಳ ಮನೆಯೊಳಗೇ. ನಮ್ಮ ತೊಟ್ಟಿಮನೆ ಹಾಗೆ. ಮೊದಲು ಅಂಗಳ, ಆಮೇಲೆ ತಲೆಬಾಗಿಲು.

ತಬಲಾ ಹುಬ್ಬಳ್ಳಿ

ಇವರಿಬ್ಬರು ಹೊಸ್ತಿಲ ಮೇಲೇ ಕೂತರು. ಶಾಲ್ಮಲಾ, ಬುಧವಾರ ಸಂಜೆ ಬಿಡುವಿದ್ದರೆ ಹೇಳಿ. ನಾನು ಠೇಕಾ ಹಿಡೀತೀನಿ, ನೀವು ಒಂದೇ ಸಾಲು ಅರ್ಧ ಗಂಟೆ ಹಾಡಿ. ಲಗ್ಗಿ ಕೇಳಬೇಡಿ, ಕೊಡಲ್ಲ.